ಮೋಡದ ಬಿಳಿ ಆಕಾಶವನ್ನು ದೇವಸ್ಥಾನದ ಫೋಟೋದಿಂದ ತೆಗೆಯುವುದು: ಲ್ಯುಮಿನಾಸಿಟಿ ಮಾಸ್ಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಕಡೆ ಬ್ರಹ್ಮಕಲಶೋತ್ಸವ, ಜಾತ್ರೆ, ನೇಮ ಅಂತ ಆಮಂತ್ರಣ ಪತ್ರಿಕೆ ಮಾಡುವವರು, ಫ್ಲೆಕ್ಸ್ ಮಾಡುವವರು, ಫೋಟೋ ತೆಗೆಯುವವರು ನನ್ನ ಹತ್ತಿರ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಡಿ, ಮಾರ್ಚ್‌ನಲ್ಲೂ ಆಕಾಶ ಎಷ್ಟೋ ದಿನ ಬರೀ ಬೆಳ್ಳಗೆ ಇರುತ್ತದೆ. ಹಾಗಾಗಿ ಈ ಕೆಲಸ ತಪ್ಪಿದ್ದಲ್ಲ.

ಎಲ್ಲ ಉತ್ತರಕ್ಕೂ ಒಂದೇ ಫೋಟೋವನ್ನು ಇಟ್ಟುಕೊಂಡಿದ್ದೇನೆ. ಉಡುಪಿಯಿಂದ ಸ್ವಲ್ಪ ಒಳಗೆ ಇರುವ ಒಂದು ದೇವಸ್ಥಾನ. ಆಟಿ ತಿಂಗಳಲ್ಲಿ, ಮಳೆ ಬಿಟ್ಟ ಅರ್ಧ ಗಂಟೆಗೆ ತೆಗೆದದ್ದು. ಒದ್ದೆ ಹೆಂಚಿನ ಮಾಡು, ಅದರ ಮೇಲೆ ಹೊಳೆಯುವ ಮುಗುಳಿ, ಬಲಕ್ಕೆ ಸುಣ್ಣ ಬಳಿದ ಪೌಳಿಯ ಗೋಡೆ, ಹಿಂದೆ ಎರಡು ತೆಂಗಿನ ಮರ. ಕಷ್ಟ ಕೊಡುವ ವಸ್ತುಗಳೆಲ್ಲ ಅದೊಂದರಲ್ಲೇ ಇವೆ. ನಾನು ಫೋಟೋಶಾಪ್‌ನಲ್ಲಿ ಮಾಡುವುದರಿಂದ ಹೆಸರುಗಳೆಲ್ಲ ಅದರದ್ದೇ. ಜಿಂಪ್ ಬಳಸುವವರಿಗೆ ಕೆಳಗೆ ಬೇರೆಯೇ ಬರೆದಿದ್ದೇನೆ.

ಲ್ಯುಮಿನಾಸಿಟಿ ಮಾಸ್ಕ್ ಅಂದರೆ ಏನು?

ಫೋಟೋದ ಬೆಳಕನ್ನೇ ಮಾಸ್ಕ್ ಆಗಿ ಬಳಸುವುದು, ಅಷ್ಟೇ. ಫೋಟೋದ ಒಂದು ಕಪ್ಪು-ಬಿಳುಪು ಪ್ರತಿ ಮಾಡಿಕೊಂಡರೆ ಅದೇ ಮಾಸ್ಕ್. ಎಲ್ಲಿ ಬೆಳ್ಳಗಿದೆಯೋ ಅದು ಪೂರ್ತಿ ಆಯ್ಕೆಯಾಗುತ್ತದೆ, ಎಲ್ಲಿ ಕಪ್ಪಿದೆಯೋ ಅದು ಆಯ್ಕೆಯಾಗುವುದಿಲ್ಲ, ನಡುವಿನ ಬೂದು ಜಾಗ ಅಷ್ಟಷ್ಟೇ ಆಯ್ಕೆಯಾಗುತ್ತದೆ. ಮೋಡದ ಆಕಾಶ ಚಿತ್ರದಲ್ಲೇ ಅತಿ ಬೆಳ್ಳಗಿರುವ ಜಾಗ, ಕಟ್ಟಡ ಅದರ ಮುಂದೆ ಕಪ್ಪಗೆ ನಿಂತಿರುತ್ತದೆ. ಅಂದರೆ ಮುಕ್ಕಾಲು ಮಾಸ್ಕ್ ಫೋಟೋ ತೆಗೆಯುವಾಗಲೇ ತಯಾರಾಗಿರುತ್ತದೆ.

ಮ್ಯಾಜಿಕ್ ವ್ಯಾಂಡ್ ಒತ್ತಿ ಡಿಲೀಟ್ ಹೊಡೆದರೆ ಸಾಕಲ್ವಾ?

ಹೆಂಚಿನ ಮಾಡಿನ ನೇರ ಅಂಚಿಗೆ ಸಾಕಾಗಬಹುದು. ತೆಂಗಿನ ಮಡಲಿಗೆ ಸಾಕಾಗುವುದಿಲ್ಲ. ಮ್ಯಾಜಿಕ್ ವ್ಯಾಂಡ್ ಪ್ರತಿ ಪಿಕ್ಸೆಲ್‌ಗೂ ‘ಆಕಾಶ’ ಅಥವಾ ‘ಆಕಾಶ ಅಲ್ಲ’ ಅಂತ ಎರಡರಲ್ಲಿ ಒಂದನ್ನು ತೀರ್ಮಾನಿಸಿ, ಆಮೇಲೆ ಅಂಚನ್ನು ಒಂದಿಷ್ಟು ನುಣುಪು ಮಾಡುತ್ತದೆ. ಆದರೆ ದೂರದ ಗರಿಯ ತುದಿಯಲ್ಲಿ ಎಷ್ಟೋ ಪಿಕ್ಸೆಲ್‌ಗಳು ಅರ್ಧ ಎಲೆ, ಅರ್ಧ ಆಕಾಶ. ಅದರ ಲೆಕ್ಕಕ್ಕೆ ಅವು ಒಂದೋ ಪೂರ್ತಿ ಹೋಗಬೇಕು, ಇಲ್ಲ ಪೂರ್ತಿ ಉಳಿಯಬೇಕು. ಹೋದರೆ ಗರಿ ಮೊಂಡಾಗುತ್ತದೆ, ಉಳಿದರೆ ಸುತ್ತ ಬಿಳಿ ಚುಕ್ಕೆ. ಲ್ಯುಮಿನಾಸಿಟಿ ಮಾಸ್ಕ್ ಆ ಪಿಕ್ಸೆಲ್‌ನಲ್ಲಿ ಆಕಾಶ ಎಷ್ಟಿದೆಯೋ ಅಷ್ಟನ್ನೇ ತೆಗೆಯುತ್ತದೆ.

ಇನ್ನೊಂದು ಮಾತು. ಡಿಲೀಟ್ ಒತ್ತಲೇಬೇಡಿ, ಲೇಯರ್ ಮಾಸ್ಕ್ ಹಾಕಿ. ಅರ್ಧ ಆಯ್ಕೆಯಾದ ಪಿಕ್ಸೆಲ್ ಒಮ್ಮೆ ಡಿಲೀಟ್ ಒತ್ತಿದರೆ ಅರ್ಧ ಹೋಗುತ್ತದೆ, ‘ಇನ್ನೂ ಸ್ವಲ್ಪ ಉಳಿದಿದೆ’ ಅಂತ ಮತ್ತೊಮ್ಮೆ ಒತ್ತಿದರೆ ಉಳಿದದ್ದರಲ್ಲಿ ಮತ್ತೆ ಅರ್ಧ ಹೋಗುತ್ತದೆ, ಹೀಗೆ ಮೂರು ಸಲ ಒತ್ತುವಷ್ಟರಲ್ಲಿ ಗರಿಯ ತುದಿ ಇರುವುದೇ ಇಲ್ಲ.

ಎಲ್ಲರೂ ಬ್ಲೂ ಚಾನೆಲ್ ತಗೊಳ್ಳಿ ಅಂತಾರೆ, ಯಾಕೆ?

ನಮ್ಮ ಊರಿನ ಫೋಟೋಗಳಿಗೆ ಇದು ಜಾಸ್ತಿ ಒಪ್ಪುತ್ತದೆ. ಹೆಂಚು ಕೆಂಪು, ಎಲೆ ಹಸಿರು, ಮರ ಕಂದು, ಮುಗುಳಿ ಹಳದಿ. ಇವು ಯಾವುದರಲ್ಲೂ ನೀಲಿ ಹೆಚ್ಚಿಲ್ಲ. ಮೋಡದ ಬೆಳಕಿನಲ್ಲಿ ಮಾತ್ರ ನೀಲಿ ತುಂಬ ಇದೆ. ಹಾಗಾಗಿ ಬ್ಲೂ ಚಾನೆಲ್‌ನಲ್ಲಿ ಕಟ್ಟಡ, ಮರ ಎಲ್ಲ ಕಪ್ಪಾಗಿ ಕಾಣುತ್ತದೆ, ಆಕಾಶ ಬೆಳ್ಳಗೇ ಉಳಿಯುತ್ತದೆ.

ನಮ್ಮ ಫೋಟೋದ ಲೆಕ್ಕ ನೋಡಿ, 0 ಅಂದರೆ ಕಪ್ಪು, 255 ಅಂದರೆ ಪೂರ್ತಿ ಬೆಳಕು. ಆಕಾಶದ ನಡುವೆ ಕೆಂಪು 228, ಹಸಿರು 233, ನೀಲಿ 238. ತೆಂಗಿನ ಎಳೆ ಮಡಲು, ಆ ಹಳದಿ ಮಿಶ್ರ ಹಸಿರು ಇರುತ್ತದಲ್ಲ, ಅದು ಕೆಂಪು 170, ಹಸಿರು 178, ನೀಲಿ 70. ಬರೀ ಒಟ್ಟು ಬೆಳಕನ್ನು ತೆಗೆದುಕೊಂಡರೆ ಆ ಮಡಲು ಸುಮಾರು 164 ಆಗುತ್ತದೆ, ಆಕಾಶ 232. ನಡುವಿನ ಅಂತರ 70ರ ಒಳಗೆ. ಬ್ಲೂ ಚಾನೆಲ್‌ನಲ್ಲಿ ಅದೇ ಅಂತರ 168. ಎರಡು ಪಟ್ಟಿಗಿಂತ ಜಾಸ್ತಿ! ಬಲಿತ ಎಲೆ ನೀಲಿಯಲ್ಲಿ 52, ಹೆಂಚು 48. ಅವೆರಡರ ಬಗ್ಗೆ ಚಿಂತೆಯೇ ಇಲ್ಲ.

ಹಾಗಂತ ಕಣ್ಣು ಮುಚ್ಚಿ ಬ್ಲೂ ತೆಗೆದುಕೊಳ್ಳಬೇಡಿ. Channels ಪ್ಯಾನೆಲ್‌ಗೆ ಹೋಗಿ Red, Green, Blue ಮೂರನ್ನೂ ಒಂದೊಂದಾಗಿ ಕ್ಲಿಕ್ ಮಾಡಿ ನೋಡಿ. ನೀಲಿ ಬಣ್ಣ ಬಳಿದ ಕಟ್ಟಡವಾದರೆ ರೆಡ್ ಚಾನೆಲ್ ಒಳ್ಳೆಯದು. ಯಾವುದರಲ್ಲಿ ಅಂಚಿನ ಎರಡೂ ಕಡೆ ವ್ಯತ್ಯಾಸ ಜಾಸ್ತಿ ಕಾಣುತ್ತದೆಯೋ ಅದೇ ಸರಿ.

ಶುರುವಿನಿಂದ ಕೊನೆವರೆಗೆ ಹೇಗೆ ಮಾಡ್ತೀರಿ, ಒಂದೊಂದಾಗಿ ಹೇಳ್ತೀರಾ?

ಮೊದಲು ರಾ ಫೈಲ್ ತೆರೆಯುವಾಗ ಎರಡು ಕೆಲಸ. ಲೆನ್ಸ್ ಪ್ರೊಫೈಲ್ ಹಾಕಿ, Remove Chromatic Aberration ಟಿಕ್ ಮಾಡಿ. ಶಾರ್ಪನಿಂಗ್ ಸೊನ್ನೆಗೆ ತನ್ನಿ, ಅದನ್ನು ಎಲ್ಲ ಮುಗಿದ ಮೇಲೆ ಮಾಡಬಹುದು. ಶಾರ್ಪನಿಂಗ್ ಮಾಡುವುದೇ ಅಂಚಿನ ಬಿಳಿ ಕಡೆಯನ್ನು ಇನ್ನಷ್ಟು ಬಿಳಿ, ಕಪ್ಪು ಕಡೆಯನ್ನು ಇನ್ನಷ್ಟು ಕಪ್ಪು ಮಾಡುವ ಕೆಲಸ. ಆ ಬಿಳಿ ಗೆರೆ ಒಮ್ಮೆ ಬಂದರೆ ಆಮೇಲೆ ಯಾವ ಮಾಸ್ಕ್‌ನಿಂದಲೂ ಅದನ್ನು ಸುಲಭವಾಗಿ ತೆಗೆಯಲು ಆಗುವುದಿಲ್ಲ.

ಫೋಟೋಶಾಪ್‌ಗೆ ಬಂದ ಮೇಲೆ Channels ಪ್ಯಾನೆಲ್‌ನಲ್ಲಿ Blue ಮೇಲೆ ರೈಟ್ ಕ್ಲಿಕ್ ಮಾಡಿ ಡುಪ್ಲಿಕೇಟ್ ಮಾಡಿ. ಮೂಲ Blue ಅನ್ನು ಮುಟ್ಟಬೇಡಿ, ಅದನ್ನು ತಿದ್ದಿದರೆ ಫೋಟೋದ ಬಣ್ಣವೇ ಕೆಡುತ್ತದೆ. ಈಗ Blue copy ಆಯ್ಕೆ ಮಾಡಿ Ctrl+L ಒತ್ತಿ, Levels ಬರುತ್ತದೆ.

ಇಲ್ಲೇ ಹೆಚ್ಚಿನವರು ತಪ್ಪುವುದು. ಕಪ್ಪು ಮತ್ತು ಬಿಳಿ ಸ್ಲೈಡರ್‌ಗಳನ್ನು ಹತ್ತಿರ ಹತ್ತಿರ ತಂದು, ಚಿತ್ರ ಕಡು ಕಪ್ಪು, ಕಡು ಬಿಳಿ ಆಗುವವರೆಗೆ ಎಳೆಯುತ್ತಾರೆ. ನೋಡಲು ಚೆನ್ನಾಗಿ ಕಾಣುತ್ತದೆ, ಆದರೆ ನಡುವಿನ ಬೂದು ಹೋಯಿತು ಅಂದರೆ ಅರ್ಧ-ಅರ್ಧ ಪಿಕ್ಸೆಲ್‌ಗಳ ಲೆಕ್ಕವೂ ಹೋಯಿತು, ಅಂಚು ಗರಗಸದ ಹಾಗೆ ಆಗುತ್ತದೆ, ಮ್ಯಾಜಿಕ್ ವ್ಯಾಂಡ್ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಸ್ಲೈಡರ್ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಫೋಟೋವೇ ಹೇಳುತ್ತದೆ. ಕಪ್ಪು ಸ್ಲೈಡರ್ ಎಲೆಯ ಬೆಲೆಯ ಮೇಲೆ, ಬಿಳಿ ಸ್ಲೈಡರ್ ಆಕಾಶದ ಬೆಲೆಗಿಂತ ಚೂರು ಕೆಳಗೆ. ಅರ್ಧ ಎಲೆ (52), ಅರ್ಧ ಆಕಾಶ (238) ಇರುವ ಪಿಕ್ಸೆಲ್ 145 ಆಗಿರುತ್ತದೆ ಅಲ್ವಾ? 52 ಕಪ್ಪು, 238 ಬಿಳಿ ಅಂತ ಇಟ್ಟರೆ 145 ಸರಿಯಾಗಿ ನಡುವಿನ ಬೂದು ಆಗುತ್ತದೆ. ಅಂದರೆ ಮಾಸ್ಕ್ ಆ ಪಿಕ್ಸೆಲ್‌ನಲ್ಲಿ ಅರ್ಧವನ್ನೇ ತೆಗೆಯುತ್ತದೆ. ನಮಗೆ ಬೇಕಾದದ್ದು ಅದೇ.

ನಿಜವಾದ ಫೋಟೋದಲ್ಲಿ ಅಷ್ಟು ಕರಾರುವಾಕ್ಕಾಗಿ ಇಡಲು ಬರುವುದಿಲ್ಲ. ಎಳೆ ಮಡಲು 70 ಇದೆ, ಆಕಾಶದ ಒಂದು ಮೂಲೆಯಲ್ಲಿ ಮೋಡ ದಟ್ಟವಾಗಿ 212ಕ್ಕೆ ಇಳಿದಿದೆ. ಹಾಗಾಗಿ ನಾನು ಕಪ್ಪು 70, ನಡುವಿನದ್ದು 1.00, ಬಿಳಿ 205 ಇಟ್ಟೆ. ಆಕಾಶ ಪೂರ್ತಿ ಬಿಳಿಯಾಯಿತು, ಮರ ಮತ್ತು ಹೆಂಚು ಬಹುಪಾಲು ಕಪ್ಪಾದವು, ಗರಿಯ ತುದಿಯಲ್ಲಿ ಬೂದು ಉಳಿಯಿತು. ಬೂದು ಉಳಿದದ್ದು ಕಂಡು ಗಾಬರಿ ಬೇಡ.

ಆಮೇಲೆ ಕಟ್ಟಡದ ಒಳಗೆ ಉಳಿದ ಬಿಳಿ, ಬೂದು ತೇಪೆಗಳನ್ನು ಕಪ್ಪು ಮಾಡಬೇಕು (ಅದರ ಬಗ್ಗೆ ಮುಂದೆ ಇದೆ). ಅದಾದ ಮೇಲೆ Blue copyಯ ಚಿಕ್ಕ ಚಿತ್ರದ ಮೇಲೆ Ctrl ಹಿಡಿದು ಕ್ಲಿಕ್ ಮಾಡಿದರೆ ಆಕಾಶ ಆಯ್ಕೆಯಾಗುತ್ತದೆ. RGB ಮೇಲೆ ಕ್ಲಿಕ್ ಮಾಡಿ Layersಗೆ ವಾಪಸ್ ಬನ್ನಿ. ಫೋಟೋ ಲೇಯರ್ ಆಯ್ಕೆಯಲ್ಲಿರುವಾಗ Alt ಹಿಡಿದು ಮಾಸ್ಕ್ ಬಟನ್ ಒತ್ತಿ. Alt ಹಿಡಿದರೆ ಆಯ್ಕೆಯಾದ ಜಾಗ ಮರೆಯಾಗುತ್ತದೆ, ಹಿಡಿಯದಿದ್ದರೆ ದೇವಸ್ಥಾನ ಮರೆಯಾಗಿ ಆಕಾಶ ಉಳಿಯುತ್ತದೆ.

Ctrl+Alt+2 ಒತ್ತಿದರೆ ಲ್ಯುಮಿನಾಸಿಟಿ ಆಯ್ಕೆ ತಾನಾಗಿ ಬರುತ್ತದೆ. ಅದನ್ನೇ ನೇರವಾಗಿ ಮಾಸ್ಕ್ ಮಾಡಿದರೆ ಆಕಾಶ ಪೂರ್ತಿ ಯಾಕೆ ಹೋಗುವುದಿಲ್ಲ?

ಆಕಾಶ 255 ಇಲ್ಲ, 232 ಇದೆ. 255ರಲ್ಲಿ 232 ಅಂದರೆ ಸುಮಾರು ಶೇಕಡ 91. ಉಳಿದ 9 ಭಾಗ ಹಳೆಯ ಆಕಾಶ ಮಂಜಿನ ಹಾಗೆ ಅಲ್ಲೇ ಉಳಿಯುತ್ತದೆ, ಜೊತೆಗೆ ಎಳೆ ಮಡಲು 164 ಇರುವುದರಿಂದ ಅದರ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಮಾಯವಾಗುತ್ತದೆ. ಆ ಆಯ್ಕೆ ಬರೀ ಕಚ್ಚಾ ವಸ್ತು. Levelsನಲ್ಲಿ ಹದ ಮಾಡದೆ ಬಳಸುವಂತಿಲ್ಲ.

ಇನ್ನೊಂದು ಗೊಂದಲ ಇದೆ. ಪರದೆ ಮೇಲೆ ಓಡುವ ಚುಕ್ಕೆ ಗೆರೆ ಶೇಕಡ 50ಕ್ಕಿಂತ ಜಾಸ್ತಿ ಆಯ್ಕೆಯಾದ ಜಾಗದ ಸುತ್ತ ಮಾತ್ರ ಕಾಣುತ್ತದೆ. ಗೆರೆ ಗರಿಯನ್ನು ಬಿಟ್ಟು ಓಡುತ್ತಿದೆ ಅಂದ ಮಾತ್ರಕ್ಕೆ ಗರಿ ಬಿಟ್ಟುಹೋಗಿದೆ ಅಂತ ಅಲ್ಲ. ಗೆರೆ ನೋಡಿ ತೀರ್ಮಾನ ಮಾಡಬೇಡಿ, ಮಾಸ್ಕ್ ಮೇಲೆ Alt ಹಿಡಿದು ಕ್ಲಿಕ್ ಮಾಡಿ ಮಾಸ್ಕನ್ನೇ ನೋಡಿ.

ಸುಣ್ಣ ಬಳಿದ ಗೋಡೆ ಆಕಾಶದ ಜೊತೆಗೇ ಹೋಗ್ತಿದೆ. ಏನು ಮಾಡಲಿ?

ಅಲ್ಲಿ ಲ್ಯುಮಿನಾಸಿಟಿ ಮಾಸ್ಕ್ ಕೆಲಸ ಮಾಡುವುದಿಲ್ಲ, ಇದನ್ನು ನೇರವಾಗಿಯೇ ಹೇಳಬೇಕು. ನಮ್ಮ ಪೌಳಿಯ ಗೋಡೆ ನೀಲಿಯಲ್ಲಿ 204 ಇದೆ. Levelsನಲ್ಲಿ ನಾವು 205 ಅನ್ನೇ ಬಿಳಿ ಅಂದಿದ್ದೇವೆ. ಗೋಡೆ ಉಳಿಯುವುದಾದರೂ ಹೇಗೆ? ಗೋಡೆ ಉಳಿಸಲು ಸ್ಲೈಡರ್ ಎಳೆದರೆ ತೆಂಗಿನ ಗರಿಯ ಮಾಸ್ಕ್ ಹಾಳಾಗುತ್ತದೆ. ಮಂಗಳೂರು ಕಡೆಯ ಬಿಳಿ ಚರ್ಚುಗಳ ಫೋಟೋದಲ್ಲೂ ಇದೇ ತೊಂದರೆ.

ಆದರೆ ಗೋಡೆಯ ಅಂಚು ನೇರ. ನೇರ ಅಂಚಿಗೆ ಪೆನ್ ಟೂಲ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಗೋಡೆಯ ಸುತ್ತ ಪಾತ್ ಹಾಕಿ, Make Selectionನಲ್ಲಿ ಫೆದರ್ 0.5 ಪಿಕ್ಸೆಲ್ ಕೊಟ್ಟು, Blue copyಯಲ್ಲಿ ಆ ಜಾಗಕ್ಕೆ ಕಪ್ಪು ತುಂಬಿಸಿ. ಐದು ನಿಮಿಷದ ಕೆಲಸ. ಮರಕ್ಕೆ ಲ್ಯುಮಿನಾಸಿಟಿ, ಗೋಡೆಗೆ ಪೆನ್. ಒಂದೇ ಫೋಟೋದಲ್ಲಿ ಎರಡನ್ನೂ ಸೇರಿಸುವುದರಲ್ಲಿ ಏನೂ ತಪ್ಪಿಲ್ಲ.

ಬಿಳಿ ಗೋಡೆಯ ಅಂಚು ಬಿಳಿ ಆಕಾಶದ ಮುಂದೆ ಕಾಣುವುದೇ ಇಲ್ಲ ಅನ್ನುವವರಿಗೆ ಒಂದು ಉಪಾಯ. ಎಲ್ಲಕ್ಕೂ ಮೇಲೆ ಒಂದು Levels ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ ಕಪ್ಪು ಸ್ಲೈಡರನ್ನು 190ಕ್ಕೆ ತನ್ನಿ. ಫೋಟೋ ಪೂರ್ತಿ ಕಪ್ಪಾಗಿ, ಗೋಡೆ ಕಡು ಬೂದು, ಆಕಾಶ ಅದಕ್ಕಿಂತ ಬೆಳ್ಳಗೆ ಆಗಿ ಅಂಚು ಎದ್ದು ಕಾಣುತ್ತದೆ. ಪಾತ್ ಹಾಕಿ ಮುಗಿದ ಮೇಲೆ ಆ ಲೇಯರನ್ನು ತೆಗೆದುಬಿಡಿ.

ಒದ್ದೆ ಹೆಂಚಿನ ಮೇಲೆ, ಮುಗುಳಿಯ ಮೇಲೆ ತೂತು ಬೀಳ್ತಿದೆಯಲ್ಲ?

ಒದ್ದೆ ಹೆಂಚು ಕನ್ನಡಿಯ ಹಾಗೆ ಆಕಾಶವನ್ನೇ ತೋರಿಸುತ್ತದೆ. ಅಲ್ಲಿ ಹೆಂಚಿನ ಬಣ್ಣ ಇರುವುದೇ ಇಲ್ಲ, ಮೋಡದ ಬಿಳಿ ಇರುತ್ತದೆ, ಅದೂ ನೀಲಿ ತುಂಬಿದ ಬಿಳಿ. ಮಾಸ್ಕ್‌ಗೆ ಅದು ಆಕಾಶವೇ. ಮಾಡಿನ ನಡುವೆ ಇದ್ದರೆ ಸುಲಭ, ಲ್ಯಾಸೊದಿಂದ ಅಂಚು ಮುಟ್ಟದ ಹಾಗೆ ಒಳಗಿನ ಜಾಗವನ್ನೆಲ್ಲ ಸುತ್ತಿ ಕಪ್ಪು ತುಂಬಿಸಿ. ಕಷ್ಟ ಬರುವುದು ಹೊಳಪು ಅಂಚಿನವರೆಗೆ ಹೋದಾಗ.

ಅಂಚಿಗೆ ಬ್ರಷ್ ಬಳಸಿ, ಆದರೆ ಬ್ರಷ್‌ನ ಮೋಡ್ Overlay ಇರಲಿ, ಬಣ್ಣ ಕಪ್ಪು, ಒಪಾಸಿಟಿ ಶೇಕಡ 30ರ ಸುಮಾರು. Overlayಯಲ್ಲಿ ಕಪ್ಪು ಬ್ರಷ್ ಆಡಿಸಿದರೆ ಬೂದು ಕಪ್ಪಾಗುತ್ತದೆ, ಪೂರ್ತಿ ಬಿಳಿ ಇರುವ ಆಕಾಶಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಅಂಚು ದಾಟಿದರೂ ಭಯ ಇಲ್ಲ. ನಮ್ಮ ಮುಗುಳಿ ನೀಲಿಯಲ್ಲಿ 95 ಇತ್ತು, ಮಾಸ್ಕ್‌ನಲ್ಲಿ ತೆಳು ಬೂದಾಗಿ ಬಂತು, ನಾಲ್ಕು ಸಲ ಬ್ರಷ್ ಆಡಿಸಿದ್ದಕ್ಕೆ ಕಪ್ಪಾಯಿತು. ಆದರೆ ಅದರ ಎಡ ಹೊಟ್ಟೆಯ ಮೇಲೆ ಒಂದು ಪೂರ್ತಿ ಬಿಳಿ ಹೊಳಪು ಅಂಚಿಗೇ ತಾಗಿತ್ತು. ಅಷ್ಟು ಚೂರಿಗೆ ಪೆನ್ ಟೂಲನ್ನೇ ಬಳಸಿದೆ. ಮುಗುಳಿಯ ಆಕಾರ ಎರಡೂ ಕಡೆ ಒಂದೇ ಸಮ ಇರುವುದರಿಂದ ಬಲಗಡೆಯ ಅಂಚನ್ನು ನೋಡಿಕೊಂಡು ಎಡದ್ದನ್ನು ಎಳೆಯಬಹುದು.

ಅವಸರ ಇಲ್ಲದಿದ್ದರೆ ಮಳೆ ಬಿಟ್ಟ ಮೇಲೆ ಹೆಂಚು ಆರುವವರೆಗೆ ಕಾಯಿರಿ. ಈ ತೊಂದರೆಯೇ ಇರುವುದಿಲ್ಲ.

ಎಲ್ಲ ಸರಿ ಮಾಡಿದೆ, ಆದರೂ ಮರದ ಸುತ್ತ ಬಿಳಿ ಗೆರೆ ಕಾಣುತ್ತದೆ. ಮಾಸ್ಕ್ ತಪ್ಪಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹೆಚ್ಚಿನ ಸಲ ಮಾಸ್ಕ್ ತಪ್ಪಿರುವುದಿಲ್ಲ. ಮಾಸ್ಕ್ ಪಿಕ್ಸೆಲ್‌ನ ಎಷ್ಟು ಭಾಗ ಕಾಣಬೇಕು ಅಂತ ಮಾತ್ರ ಹೇಳುತ್ತದೆ, ಪಿಕ್ಸೆಲ್‌ನ ಬಣ್ಣವನ್ನು ಬದಲಿಸುವುದಿಲ್ಲ. ಆ ಅರ್ಧ-ಅರ್ಧ ಪಿಕ್ಸೆಲ್‌ನ ಬಣ್ಣದಲ್ಲಿ ಹಳೆಯ ಆಕಾಶದ ಬಿಳಿ ಬೆರೆತೇ ಇರುತ್ತದೆ.

ಲೆಕ್ಕ ಹಾಕಿದರೆ ಸ್ಪಷ್ಟ. ಹೊಸ ಆಕಾಶದ ನೀಲಿ 150 ಅಂತ ಇಟ್ಟುಕೊಳ್ಳಿ. ಅಂಚಿನ ಪಿಕ್ಸೆಲ್ ಅರ್ಧ ಎಲೆ, ಅರ್ಧ ಹೊಸ ಆಕಾಶ ಆಗಬೇಕು, ಅಂದರೆ 52 ಮತ್ತು 150ರ ನಡುವೆ, 101. ಆದರೆ ನಮ್ಮ ಹತ್ತಿರ ಇರುವ ಪಿಕ್ಸೆಲ್ 52 ಅಲ್ಲ, ಆಕಾಶ ಬೆರೆತ 145. ಮಾಸ್ಕ್ ಅದರಲ್ಲಿ ಅರ್ಧ ತೋರಿಸಿ, ಇನ್ನರ್ಧ ಹೊಸ ಆಕಾಶ ಸೇರಿಸಿದರೆ 148 ಬರುತ್ತದೆ. 101 ಇರಬೇಕಾದಲ್ಲಿ 148. ಹೊಸ ಆಕಾಶ ಎಷ್ಟು ಕಪ್ಪೋ ಈ ಗೆರೆ ಅಷ್ಟು ಎದ್ದು ಕಾಣುತ್ತದೆ. ಹಿಂದೊಮ್ಮೆ ನಾನು ಕಡು ನೀಲಿ ಹಿನ್ನೆಲೆಗೆ ಹೀಗೇ ಕತ್ತರಿಸಿ ಕೊಟ್ಟಿದ್ದೆ. ಮಾನಿಟರ್‌ನಲ್ಲಿ ಗೊತ್ತಾಗಲಿಲ್ಲ. ಹತ್ತು ಅಡಿಯ ಫ್ಲೆಕ್ಸ್ ಆಗಿ ದ್ವಾರದ ಪಕ್ಕ ನಿಂತಾಗ ಪ್ರತಿ ಗರಿಯ ಸುತ್ತ ಬಿಳಿ ದಾರ ಕಟ್ಟಿದ ಹಾಗಿತ್ತು. ತುಂಬ ಬೇಸರವಾಯಿತು.

ಹೊಸ ಆಕಾಶವನ್ನು ನೀವೇ ಹಾಕುವುದಾದರೆ ಪರಿಹಾರ ಸುಲಭ. ಹಳೆಯ ಆಕಾಶವನ್ನು ತೆಗೆಯಲೇಬೇಡಿ. ಹೊಸ ಆಕಾಶದ ಲೇಯರನ್ನು ಫೋಟೋದ ಮೇಲೆ ಇಟ್ಟು, ಮೋಡ್ Multiply ಮಾಡಿ, Blue copyಯ ಆಯ್ಕೆಯಿಂದ ಆ ಆಕಾಶದ ಲೇಯರ್‌ಗೆ ಮಾಸ್ಕ್ ಹಾಕಿ, ಈ ಸಲ Alt ಇಲ್ಲದೆ. Multiply ಅಂದರೆ ಎರಡು ಬೆಲೆಗಳನ್ನು ಗುಣಿಸಿ 255ರಿಂದ ಭಾಗಿಸುವುದು. ಹಳೆಯ ಆಕಾಶ ಹೆಚ್ಚುಕಡಿಮೆ ಬಿಳಿ ಇರುವುದರಿಂದ ಅದು ಹೊಸ ಆಕಾಶದ ಬಣ್ಣವನ್ನೇ ತೆಗೆದುಕೊಳ್ಳುತ್ತದೆ: 238 ಮತ್ತು 150 ಸೇರಿ 140. ಅಂಚಿನ 145 ಮತ್ತು 150 ಸೇರಿ 85. ಬೇಕಾದದ್ದು 101, ಬಂದದ್ದು 85, ಅಂದರೆ ಚೂರು ಕಪ್ಪು. ಮೊದಲೇ ಕಪ್ಪಗಿರುವ ಎಲೆಯ ಅಂಚು ಇನ್ನೊಂದು ಚೂರು ಕಪ್ಪಾದರೆ ಕಣ್ಣಿಗೆ ತೋರುವುದೇ ಇಲ್ಲ, ಬಿಳಿಯಾದರೆ ಮಾತ್ರ ಚುಚ್ಚುತ್ತದೆ.

ಇದಕ್ಕಾಗಿ ಮಾಸ್ಕನ್ನು ಎಲೆಯ ಒಳಗೆ ಸ್ವಲ್ಪ ಹಿಗ್ಗಿಸಬೇಕು. ಮಾಸ್ಕ್ ಆಯ್ಕೆ ಮಾಡಿ Filter > Other > Maximum, ರೇಡಿಯಸ್ 1 ಅಥವಾ 2 ಪಿಕ್ಸೆಲ್. ಮರ ಮತ್ತು ಹೆಂಚಿನ ಭಾಗವನ್ನು ಮಾತ್ರ ಲ್ಯಾಸೊದಿಂದ ಸುತ್ತಿಕೊಂಡು ಮಾಡಿ. ಬಿಳಿ ಗೋಡೆಯ ಕಡೆ ಮಾಡಿದರೆ ಗೋಡೆಯ ಅಂಚಿಗೆ ಕಪ್ಪು ಗೆರೆ ಬರುತ್ತದೆ.

ಆದರೆ ಪತ್ರಿಕೆ ಡಿಸೈನ್ ಮಾಡುವವರು ಹಿನ್ನೆಲೆ ಇಲ್ಲದ ಪಿಎನ್‌ಜಿ ಕೇಳ್ತಾರೆ. ಆಗ Multiply ಆಗಲ್ಲವಲ್ಲ?

ಹೌದು, ಆಗ ಆಗುವುದಿಲ್ಲ. ಅವರು ಹಿಂದೆ ಕೇಸರಿ ಹಾಕುತ್ತಾರೋ, ಕಡುಗೆಂಪು ಹಾಕುತ್ತಾರೋ ನಮಗೆ ಗೊತ್ತಿರುವುದಿಲ್ಲ. ಆಗ ಪಿಕ್ಸೆಲ್‌ನ ಬಣ್ಣವನ್ನೇ ತೊಳೆಯಬೇಕು.

ಮಾಸ್ಕ್ ಹಾಕಿದ ಫೋಟೋ ಲೇಯರ್ ಮೇಲೆ ಒಂದು ಖಾಲಿ ಲೇಯರ್ ಮಾಡಿ, Ctrl+Alt+G ಒತ್ತಿ ಅದನ್ನು ಕೆಳಗಿನದಕ್ಕೆ ಕ್ಲಿಪ್ ಮಾಡಿ. ಬ್ರಷ್ ತೆಗೆದುಕೊಂಡು, Alt ಹಿಡಿದು ಗರಿಯ ಒಳಗಿನ ಹಸಿರನ್ನು ಆರಿಸಿ, ಅಂಚಿನ ಮೇಲೆ ಆಡಿಸಿ. ಲೇಯರ್ ಕ್ಲಿಪ್ ಆಗಿರುವುದರಿಂದ ಬಣ್ಣ ಹೊರಗೆ ಚೆಲ್ಲುವುದಿಲ್ಲ, ಗರಿಯ ಆಕಾರದಲ್ಲೇ ಉಳಿಯುತ್ತದೆ. ಈಗ ಅಂಚಿನ 145 ಹೋಗಿ 52 ಆಯಿತು, ಅರ್ಧ ಎಲೆ, ಅರ್ಧ ಹೊಸ ಆಕಾಶ ಸೇರಿ ಸರಿಯಾಗಿ 101. ಲೇಯರ್ ಮೋಡ್ Darken ಇಟ್ಟರೆ ಒಳಗಿನ ಕಪ್ಪು ವಿವರಗಳು ಹಾಗೆಯೇ ಉಳಿಯುತ್ತವೆ, ಬಿಳಿ ಇರುವಲ್ಲಿ ಮಾತ್ರ ಹಸಿರು ಹಿಡಿಯುತ್ತದೆ. ಎರಡು ತೆಂಗಿನ ಮರಕ್ಕೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಬೇರೆ ಬೇರೆ ಜಾಗದಲ್ಲಿ ಹಸಿರನ್ನು ಹೊಸದಾಗಿ ಆರಿಸುತ್ತ ಹೋಗಿ, ಇಲ್ಲದಿದ್ದರೆ ಇಡೀ ಮರ ಒಂದೇ ಬಣ್ಣ ಬಳಿದ ಹಾಗೆ ಆಗುತ್ತದೆ.

ಹೆಂಚಿನ ಅಂಚಿಗೆ ಇಷ್ಟು ಬೇಕಿಲ್ಲ. ಫೋಟೋ ಲೇಯರ್‌ನ ಮಾಸ್ಕ್ ಮೇಲೆ, ಹೆಂಚಿನ ಭಾಗವನ್ನು ಮಾತ್ರ ಆಯ್ದು, Filter > Other > Minimum ಅರ್ಧದಿಂದ ಒಂದು ಪಿಕ್ಸೆಲ್ ಕೊಟ್ಟರೆ ಅಂಚು ಅಷ್ಟು ಒಳಗೆ ಸರಿದು ಬಿಳಿ ಗೆರೆ ಹೋಗುತ್ತದೆ. ಗರಿಗೆ ಇದನ್ನು ಮಾಡಬೇಡಿ, ತೆಳ್ಳಗಿನ ಗರಿ ಪೂರ್ತಿ ಹೋಗಿಬಿಡುತ್ತದೆ.

ಕೊಡುವ ಮುಂಚೆ ಕೆಳಗೆ ಒಂದು ಕಪ್ಪು ಲೇಯರ್, ಆಮೇಲೆ ಒಂದು ಕಡುಗೆಂಪು ಲೇಯರ್ ಹಾಕಿ ಶೇಕಡ 100ರಲ್ಲಿ ನೋಡಿ. ಬಿಳಿ ಹಿನ್ನೆಲೆಯಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಪತ್ರಿಕೆಯ ಕಾಗದವೇ ಬಿಳಿ, ಹಿನ್ನೆಲೆಯೂ ಬಿಳಿ ಅಂತಾದರೆ ಇಷ್ಟೆಲ್ಲ ಮಾಡುವ ಅಗತ್ಯವೂ ಇಲ್ಲ, ಆಕಾಶವನ್ನು 255ಕ್ಕೆ ಏರಿಸಿದರೆ ಸಾಕು. ಜೆಪಿಜಿಯಾಗಿ ಸೇವ್ ಮಾಡಿದರೆ ಪಾರದರ್ಶಕ ಜಾಗ ಉಳಿಯುವುದಿಲ್ಲ, ಅದನ್ನೂ ಮರೆಯಬೇಡಿ.

ಆಕಾಶದ ಮೂಲೆಯಲ್ಲಿ ಬೂದು ತೇಪೆ ಉಳಿಯುತ್ತದೆ, ಯಾಕೆ?

ಎರಡು ಕಾರಣ ಇರಬಹುದು. ಒಂದು, ಲೆನ್ಸ್‌ನ ಮೂಲೆಗಳು ಕಪ್ಪಾಗುವುದು. ನಮ್ಮ ಫೋಟೋದಲ್ಲಿ ಎಡ ಮೇಲಿನ ಮೂಲೆ ಮೊದಲು 196 ಇತ್ತು, ಲೆನ್ಸ್ ಪ್ರೊಫೈಲ್ ಹಾಕಿದ ಮೇಲೆ 212ಕ್ಕೆ ಬಂತು. 196 ಇದ್ದಿದ್ದರೆ 205ರ ಸ್ಲೈಡರ್‌ನಲ್ಲಿ ಅದು ಬೂದಾಗಿ ಉಳಿಯುತ್ತಿತ್ತು. ಎರಡನೆಯದು, ಮಳೆಮೋಡವೇ ಅಲ್ಲಿ ಕಪ್ಪಗಿರುವುದು. ಮರ ಇಲ್ಲದ ಖಾಲಿ ಆಕಾಶವಾದರೆ ಸುಮ್ನೆ ಬಿಳಿ ಬ್ರಷ್ ಆಡಿಸಿಬಿಡಿ. ಮರದ ಹತ್ತಿರವೇ ಆದರೆ ಅಷ್ಟು ಭಾಗಕ್ಕೆ ಮತ್ತೊಂದು Blue copy ಮಾಡಿ ಬೇರೆ Levels ಕೊಟ್ಟು ಜೋಡಿಸಿ.

ಕರೆಂಟ್ ತಂತಿ, ಹಾರುವ ಹಕ್ಕಿ?

ಕಪ್ಪಗಿರುವುದರಿಂದ ಮಾಸ್ಕ್ ಅವನ್ನೂ ಕಟ್ಟಡ ಅಂತಲೇ ಉಳಿಸುತ್ತದೆ. ಆಕಾಶದ ಮೇಲೆ ಇದ್ದರೆ Blue copyಯಲ್ಲಿ ಬಿಳಿ ಬಳಿಯಿರಿ, ಹೋಯಿತು. Multiply ದಾರಿಯಲ್ಲಿ ಹಳೆಯ ಆಕಾಶ ಅಲ್ಲೇ ಇರುವುದರಿಂದ ತಂತಿಯನ್ನು ಫೋಟೋದಲ್ಲೇ ಮೊದಲು ಅಳಿಸಬೇಕು. ಕೊಡಿಮರಕ್ಕೆ ಕಟ್ಟಿದ ಹಗ್ಗವನ್ನು ತಂತಿ ಅಂತ ತಿಳಿದು ಅಳಿಸಬೇಡಿ. ದೇವಸ್ಥಾನದವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಫೋಟೋಗೆ ಇದು ಆಗುತ್ತದಾ?

ಬಹಳ ಕಷ್ಟ. ಜೆಪಿಜಿ ಜಾಗ ಉಳಿಸಲು ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧ ಅಳತೆಯಲ್ಲಿ ಇಡುತ್ತದೆ, ಬೆಳಕಿನ ವಿವರವನ್ನು ಮಾತ್ರ ಪೂರ್ತಿ ಇಡುತ್ತದೆ. ಅದರ ಪೆಟ್ಟು ಜಾಸ್ತಿ ಬೀಳುವುದು ಬ್ಲೂ ಚಾನೆಲ್‌ಗೆ. ಹತ್ತಿರದಿಂದ ನೋಡಿದರೆ ಗರಿಯ ಸುತ್ತ 8 ಪಿಕ್ಸೆಲ್‌ನ ಚೌಕಗಳು ಕಾಣುತ್ತವೆ, Levels ಕೊಟ್ಟರೆ ಅವೇ ಎದ್ದು ನಿಲ್ಲುತ್ತವೆ. ಬೇರೆ ದಾರಿ ಇಲ್ಲದಿದ್ದರೆ ಗ್ರೀನ್ ಚಾನೆಲ್ ಬಳಸಿ. ಅದರಲ್ಲಿ ಅಂತರ ಕಡಿಮೆ, ಆದರೆ ಅಂಚು ಅಷ್ಟು ಮುರಿದಿರುವುದಿಲ್ಲ. ಕಳಿಸುವವರಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಅಂತ ಹೇಳುವುದು ಎಲ್ಲಕ್ಕಿಂತ ಒಳ್ಳೆಯದು.

ಜಿಂಪ್‌ನಲ್ಲಿ?

Colors > Components > Decompose ಹೋಗಿ RGB ಆರಿಸಿದರೆ ಮೂರು ಚಾನೆಲ್ ಮೂರು ಲೇಯರ್ ಆಗಿ ಹೊಸ ಚಿತ್ರದಲ್ಲಿ ಬರುತ್ತವೆ. blue ಲೇಯರ್‌ಗೆ Colors > Levels ಕೊಟ್ಟು, ಬ್ರಷ್ ಕೆಲಸ ಮುಗಿಸಿ, Colors > Invert ಮಾಡಿ ಕಾಪಿ ಮಾಡಿ. ಮೂಲ ಫೋಟೋಗೆ ಲೇಯರ್ ಮಾಸ್ಕ್ ಸೇರಿಸಿ ಅದರಲ್ಲಿ ಪೇಸ್ಟ್ ಮಾಡಿ ಆಂಕರ್ ಮಾಡಿದರೆ ಆಯಿತು. ಉಳಿದ ಲೆಕ್ಕವೆಲ್ಲ ಅದೇ.

ಫೋಟೋ ತೆಗೆಯುವಾಗಲೇ ಏನಾದರೂ ನೋಡಿಕೊಳ್ಳಬೇಕಾ?

ಆಕಾಶ ಪೂರ್ತಿ ಸುಟ್ಟು 255 ಆಗಲು ಬಿಡಬೇಡಿ. ‘ಹೇಗೂ ತೆಗೆಯುವ ಆಕಾಶ ತಾನೇ’ ಅಂತ ಅನ್ನಿಸುತ್ತದೆ, ಆದರೆ ಆಕಾಶ ತೀರಾ ಬೆಳಗಾದರೆ ಅದರ ಬೆಳಕು ಲೆನ್ಸ್‌ನೊಳಗೆ ಹರಡಿ ಗರಿಯ ತುದಿಯನ್ನು ತಿನ್ನುತ್ತದೆ. ತಿಂದ ತುದಿ ಫೈಲ್‌ನಲ್ಲೇ ಇರುವುದಿಲ್ಲ, ಮಾಸ್ಕ್‌ನಿಂದ ತರಲು ಬರುವುದಿಲ್ಲ. ಹಿಸ್ಟೋಗ್ರಾಮ್ ಬಲ ಗೋಡೆಗೆ ತಾಗುವ ಮುಂಚೆ ನಿಲ್ಲಲಿ, ಕಪ್ಪಾದ ಮಾಡನ್ನು ರಾ ಫೈಲ್‌ನಲ್ಲಿ ಎತ್ತಬಹುದು. ಗಾಳಿ ಇದ್ದರೆ ಶಟರ್ 1/250ಕ್ಕಿಂತ ನಿಧಾನ ಬೇಡ, ಅಲುಗಿದ ಗರಿಯ ಅಂಚು ಪೂರ್ತಿ ಬೂದಾಗುತ್ತದೆ.

ಯಾವ ಆಕಾಶ ಹಾಕಿದರೆ ಚೆಂದ?

ಮೋಡದ ದಿನ ತೆಗೆದ ಕಟ್ಟಡಕ್ಕೆ ನೆರಳೇ ಇರುವುದಿಲ್ಲ. ಅದರ ಹಿಂದೆ ಕಡು ನೀಲಿ ಆಕಾಶ, ಹತ್ತಿಯಂಥ ಬಿಳಿ ಮೋಡ ಹಾಕಿದರೆ ಮಾಸ್ಕ್ ಎಷ್ಟೇ ಚೆನ್ನಾಗಿದ್ದರೂ ಅಂಟಿಸಿದ ಹಾಗೆ ಕಾಣುತ್ತದೆ, ಬಿಸಿಲು ಎಲ್ಲಿಂದ ಬಂತು ಅಂತ ನೋಡುವವರ ಕಣ್ಣು ಹುಡುಕುತ್ತದೆ. ನಮ್ಮ ಫೋಟೋಗೆ ನಾನು ಹಾಕಿದ್ದು ಮಲ್ಪೆ ಕಡಲ ತೀರದಲ್ಲಿ ಸಂಜೆ ನಾನೇ ತೆಗೆದಿಟ್ಟಿದ್ದ ತೆಳು ಬೂದು-ನೀಲಿ ಮೋಡ, ಕೆಳಗೆ ಸ್ವಲ್ಪ ಬೆಳಕು, ಮೇಲೆ ಹೋದಂತೆ ಕಡು. ಕೆಳಭಾಗ ಬೆಳಗಿದ್ದದ್ದರಿಂದ ಮಾಡಿನ ಅಂಚಿನಲ್ಲಿ ಉಳಿದಿದ್ದ ಚೂರುಪಾರು ಬಿಳಿಯೂ ಅದರಲ್ಲಿ ಸೇರಿಹೋಯಿತು. ಒದ್ದೆ ಹೆಂಚಿನ ಮೇಲಿನ ಬಿಳಿ ಹೊಳಪಿಗೂ ಆ ಆಕಾಶದ ಬಣ್ಣವನ್ನು ಶೇಕಡ 15ರಷ್ಟು Multiply ಮೋಡ್‌ನಲ್ಲಿ ಬ್ರಷ್‌ನಿಂದ ಆಡಿಸಿದೆ. ಹೆಂಚು ತೋರಿಸುವುದು ತನ್ನ ಮೇಲಿನ ಆಕಾಶವನ್ನೇ ಅಲ್ವಾ, ಆಕಾಶ ಬದಲಾದ ಮೇಲೆ ಅದೂ ಬದಲಾಗಬೇಕು.